ಚಟ್ನಿಯ ಮಾತು ಮೊದಲು ಬರಲಿ

ನಮಸ್ಕಾರ. ಎರಡು ಗಂಟೆಯ ಪಾಡ್‌ಕಾಸ್ಟ್‌ನಿಂದ ಒಂದು ಯೂಟ್ಯೂಬ್ ಶಾರ್ಟ್ ತೆಗೆಯುವಾಗ ಜಾಸ್ತಿ ಜನ ಪ್ರಶ್ನೆಯಿಂದಲೇ ಶುರು ಮಾಡುತ್ತಾರೆ. ಪ್ರಶ್ನೆ ಮುಗಿಯುವಷ್ಟರಲ್ಲಿ ನೋಡುವವರು ಮುಂದಿನ ವಿಡಿಯೋಗೆ ಹೋಗಿಬಿಟ್ಟಿರುತ್ತಾರೆ. ಅದಕ್ಕೇ ಕೋಲ್ಡ್ ಓಪನ್ ಬೇಕು, ಅಂದರೆ ಪೀಠಿಕೆ ಇಲ್ಲದೆ ಗಟ್ಟಿ ಮಾತೊಂದನ್ನು ಎತ್ತಿ ಮೊದಲಿಗೇ ಇಡುವುದು.

ಒಬ್ಬ ಹೋಟೆಲ್ ಮಾಲೀಕರ ಸಂದರ್ಶನ ಅಂದುಕೊಳ್ಳಿ. ಮೊದಲ ವರ್ಷ ಹೇಗಿತ್ತು ಅಂತ ಕೇಳಿದರೆ ಅವರು ಬಾಡಿಗೆ, ಅಡುಗೆಯವರು, ತೆಂಗಿನಕಾಯಿ ರೇಟು ಅಂತ ಎರಡು ನಿಮಿಷ ಸುತ್ತಿ, ಕೊನೆಗೆ "ದೋಸೆಯಿಂದಲ್ಲ ಸರ್, ನಾನು ಚಟ್ನಿಯಿಂದ ಸೋತೆ" ಅನ್ನುತ್ತಾರೆ. ಈ ಮಾತು ಮೊದಲಿಗೆ ಬರಲಿ, ಮೂರೇ ಸೆಕೆಂಡು. ಆಮೇಲೆ ನೇರ ತೆಂಗಿನಕಾಯಿಗೆ ಹೋಗಿ, ಬಾಡಿಗೆ ಕಥೆ ಪೂರ್ತಿ ಬಿಡಿ. ಚಟ್ನಿಯ ಮಾತು ಮೂಲ ಜಾಗದಲ್ಲಿ ಮತ್ತೆ ಬಂದರೆ ಅಲ್ಲಿ ತೆಗೆದುಹಾಕಿ, ಎರಡನೇ ಸಲ ಅದು ಸಪ್ಪೆ.

ಇಲ್ಲೊಂದು ತೊಡಕಿದೆ. ನಮ್ಮ ಮಾತಿನಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಅಲ್ವಾ? "ಹೋಟೆಲ್ ಮುಚ್ಚಿಬಿಡಬೇಕು ಅಂತ ನನಗೆ ಯಾವತ್ತೂ ಅನಿಸಲಿಲ್ಲ" ಅಂತ ಅವರು ಹೇಳಿದ್ದನ್ನು "ಮುಚ್ಚಿಬಿಡಬೇಕು" ಅನ್ನುವಲ್ಲಿಗೆ ಕತ್ತರಿಸಿದರೆ ಅರ್ಥವೇ ತಲೆಕೆಳಗು. ಕುತೂಹಲ ಹುಟ್ಟುತ್ತದೆ ನಿಜ, ಆದರೆ ಅದು ಸುಳ್ಳು, ಅತಿಥಿ ಇನ್ನೊಮ್ಮೆ ನಿಮ್ಮ ಮೈಕಿನ ಮುಂದೆ ಕೂರುವುದಿಲ್ಲ. ವಾಕ್ಯದ ಬಾಲ ಕತ್ತರಿಸಬೇಡಿ. ತಲೆಯ ಕಡೆಯಿರುವ "ಅಂದ್ರೆ", "ಏನಪ್ಪಾ ಅಂದ್ರೆ" ಧಾರಾಳವಾಗಿ ಹೋಗಲಿ.

ಕೆಲವೊಮ್ಮೆ ಅವರು "ಅದರಿಂದಲೇ ಸೋತೆ" ಅಂತಷ್ಟೇ ಹೇಳಿರುತ್ತಾರೆ. ಯಾವುದರಿಂದ? ಸಂದರ್ಶನ ಕೇಳದ ಒಬ್ಬರಿಗೆ ಆ ಮೂರು ಸೆಕೆಂಡು ಕೇಳಿಸಿ, "ಏನದು?" ಅಂತ ಕೇಳಿದರೆ ಆ ತುಣುಕು ಒಂಟಿಯಾಗಿ ನಿಲ್ಲುವುದಿಲ್ಲ. ಆಗ ನಡೆಸಿಕೊಡುವವರೇ ಹೊಸದಾಗಿ ಒಂದು ಸಾಲು ರೆಕಾರ್ಡ್ ಮಾಡಬೇಕು: "ದೋಸೆ ಚೆನ್ನಾಗಿ ಓಡುತ್ತಿದ್ದ ಹೋಟೆಲನ್ನು ಚಟ್ನಿ ನಷ್ಟಕ್ಕೆ ತಳ್ಳಿತು." ಅದೇ ಮೈಕು, ಅದೇ ಕೋಣೆ, ಬಾಯಿಂದ ಅಷ್ಟೇ ದೂರ ಇರಲಿ. ಮನೆಯಲ್ಲಿ ಫೋನಿನಲ್ಲಿ ಹೇಳಿ ಅಂಟಿಸಿದರೆ ಕೂಡಿಸಿದ ಜಾಗ ಕಿವಿಗೆ ತಟ್ಟನೆ ಗೊತ್ತಾಗುತ್ತದೆ. ಬೇರೆ ದಾರಿಯೇ ಇಲ್ಲದಿದ್ದರೆ ಮೂಲ ರೆಕಾರ್ಡಿಂಗ್‌ನಲ್ಲಿ ಯಾರೂ ಮಾತಾಡದ ಒಂದೆರಡು ಸೆಕೆಂಡಿನ ಕೋಣೆಯ ಸದ್ದನ್ನು ತೆಗೆದು ಹೊಸ ಸಾಲಿನ ಕೆಳಗೆ ಹಾಸಿ, ಒಡಕು ಸ್ವಲ್ಪ ಮುಚ್ಚುತ್ತದೆ.

ಯೂಟ್ಯೂಬ್ 2024ರ ಅಕ್ಟೋಬರ್‌ನಿಂದ ಶಾರ್ಟ್ ಮೂರು ನಿಮಿಷದವರೆಗೆ ಇರಬಹುದು ಅಂದಿದೆ. ಹಾಗಂತ ಸುಮ್ನೆ ಎಳೆಯಬೇಡಿ, ಚಟ್ನಿಯ ಕಥೆಗೆ ಐವತ್ತು ಸೆಕೆಂಡು ಸಾಕು. ಶಾರ್ಟ್ ಮುಗಿದ ಕೂಡಲೇ ಮತ್ತೆ ಮೊದಲಿನಿಂದ ಓಡುತ್ತದೆ, ಆದ್ದರಿಂದ ಕೊನೆಯಲ್ಲಿ ಧನ್ಯವಾದ, ಸಬ್‌ಸ್ಕ್ರೈಬ್ ಮಾಡಿ ಎಲ್ಲ ಬೇಡ. "ಆಮೇಲೆ ಚಟ್ನೀನ ಸಣ್ಣ ಬಟ್ಟಲಲ್ಲಿ ಕೊಡೋಕೆ ಶುರು ಮಾಡಿದೆ" ಅನ್ನುವಲ್ಲಿಗೆ ನಿಲ್ಲಿಸಿ. ಪೂರ್ತಿ ಸಂದರ್ಶನದ ಲಿಂಕನ್ನು ಶಾರ್ಟ್‌ನ ವಿವರಣೆಯಲ್ಲಿ ಬರೆದರೆ ಅದನ್ನು ಒತ್ತಲು ಬರುವುದಿಲ್ಲ, ಅಪ್‌ಲೋಡ್ ಮಾಡುವಾಗ ರಿಲೇಟೆಡ್ ವಿಡಿಯೋ ಅನ್ನುವ ಜಾಗದಲ್ಲಿ ಅದನ್ನು ಜೋಡಿಸಿ.