2.20 ಎಕರೆ ಅಂದರೆ ಎಷ್ಟು?

ಎಲ್ಲರಿಗೂ ನಮಸ್ಕಾರ. ಬರೆದು ಮುಗಿದ ಪುಸ್ತಕದಲ್ಲಿ ಅಂಕಿಗಳನ್ನು ಒಂದೇ ಹದಕ್ಕೆ ತರುವ ಕೆಲಸದ ಬಗ್ಗೆ ಮಾತಾಡಲು ಕರೆದಿದ್ದೀರಿ. ನಾನು ತಿದ್ದಿದ ಒಂದು ಕರಡಿನ ಕಥೆಯನ್ನೇ ಹೇಳುತ್ತೇನೆ.

ಅದು ರಾಗಿ ಬೆಳೆಗಾರರ ಬಗ್ಗೆ ಬರೆದ ಪುಸ್ತಕ. ಟೇಬಲ್‌ನಲ್ಲಿ ಒಬ್ಬ ರೈತರ ಜಮೀನು 2.20 ಎಕರೆ, ಬೆಳೆ 30 ಕ್ವಿಂಟಲ್. ಪಠ್ಯದಲ್ಲಿ ಇಳುವರಿ ಎಕರೆಗೆ 13.6 ಕ್ವಿಂಟಲ್ ಅಂತಿತ್ತು. ಭಾಗಿಸಿ ನೋಡಿದರೆ ಸರಿಯಾಗೇ ಇದೆ. ಆದರೆ ಆ 2.20 ಬಂದಿದ್ದು ಪಹಣಿಯಿಂದ. ಅಲ್ಲಿ ಚುಕ್ಕಿಯ ನಂತರ ಇರುವುದು ಗುಂಟೆ. ಎಕರೆಗೆ 40 ಗುಂಟೆ, ಅಲ್ವಾ? ಹಾಗಾಗಿ ಜಮೀನು ಎರಡೂವರೆ ಎಕರೆ, ಇಳುವರಿ 12 ಕ್ವಿಂಟಲ್. ಸಾಲದ್ದಕ್ಕೆ ಎಕ್ಸೆಲ್ ಕೊನೆಯ ಸೊನ್ನೆ ನುಂಗಿ ಕೆಲವು ಕಡೆ 2.2 ಮಾಡಿತ್ತು. ಅದನ್ನು ಎರಡು ಎಕರೆ ಎರಡು ಗುಂಟೆ ಅಂತಲೂ ಓದಬಹುದು!

ಇದನ್ನು ಹಿಡಿಯುವ ಉಪಾಯ ಸುಲಭ. ಕಾಲಂ ಪೂರ್ತಿ ಕೆಳಗಿನವರೆಗೂ ನೋಡಿ. ಚುಕ್ಕಿಯ ನಂತರ ಎಲ್ಲೂ 39 ದಾಟದಿದ್ದರೆ ಗುಂಟೆಯ ಅನುಮಾನ ಪಡಿ. ಗುಂಟೆಯನ್ನು 40ರಿಂದ ಭಾಗಿಸಿ ಎಕರೆಗೆ ಸೇರಿಸಿ, ಆಮೇಲೆ ಮೊತ್ತ, ಸರಾಸರಿ ಎಲ್ಲವನ್ನೂ ಹೊಸದಾಗಿ ಲೆಕ್ಕ ಹಾಕಿ. ಹಳೆಯ ಮೊತ್ತವನ್ನು ನಂಬಬೇಡಿ. 1.30ಕ್ಕೆ 1.30 ಕೂಡಿದರೆ ಕಂಪ್ಯೂಟರ್ 2.60 ಅನ್ನುತ್ತದೆ. ನಿಜವಾಗಿ ಅದು ಮೂರೂವರೆ ಎಕರೆ.

ಇನ್ನು ದಶಾಂಶದ ವಿಷಯ. ಈ ಪುಸ್ತಕದ ಟೇಬಲ್‌ಗಳು ಹೆಕ್ಟೇರಿಗೆ ಟನ್ ಲೆಕ್ಕದಲ್ಲಿ ಇರಬೇಕು ಅಂತ ತೀರ್ಮಾನಿಸಿದೆವು. ಎಕರೆಗೆ 9.9 ಕ್ವಿಂಟಲ್ ಅಂದರೆ ಹೆಕ್ಟೇರಿಗೆ 2.446 ಟನ್. ಟೇಬಲ್‌ನಲ್ಲಿ ಎರಡು ಸ್ಥಾನ ಸಾಕು ಅಂತ 2.45 ಮಾಡಿದೆವು. ಪಠ್ಯದಲ್ಲಿ ಒಂದೇ ಸ್ಥಾನ ಬೇಕಿತ್ತು. ನಾನು ಟೇಬಲ್ ನೋಡಿಕೊಂಡು 2.5 ಬರೆದುಬಿಟ್ಟೆ. ಮೂಲ ಅಂಕಿಯಿಂದ ಹೋಗಿದ್ದರೆ 2.4 ಬರಬೇಕಿತ್ತು. ಒಮ್ಮೆ ದುಂಡು ಮಾಡಿದ್ದನ್ನು ಮತ್ತೆ ದುಂಡು ಮಾಡಿದ್ದೇ ತಪ್ಪು. ಅಂದಿನಿಂದ ಪೂರ್ತಿ ಅಂಕಿಗಳ ಒಂದು ಶೀಟನ್ನು ಬೇರೆಯೇ ಇಟ್ಟುಕೊಳ್ಳುತ್ತೇನೆ. ಟೇಬಲ್ಲಿಗೂ ಪಠ್ಯಕ್ಕೂ ಅಲ್ಲಿಂದಲೇ ತೆಗೆಯುವುದು. ಶೇಕಡಾ ಲೆಕ್ಕವೂ ಅದರಿಂದಲೇ.

ಅಲ್ಪವಿರಾಮದ್ದು ಸಣ್ಣ ಕೆಲಸ. 12,50,000 ಅಥವಾ 1,250,000, ಯಾವುದೋ ಒಂದನ್ನು ಆರಿಸಿ ಪುಸ್ತಕದುದ್ದಕ್ಕೂ ಇಡಿ. ಕನ್ನಡ ಅಂಕಿಗಳೂ ಇದ್ದರೆ ಹುಡುಕುವಾಗ ಎಚ್ಚರ. 2 ಅಂತ ಹುಡುಕಿದರೆ ೨ ಸಿಗದೇ ಹೋಗಬಹುದು. ಹಾಗೇ ‘ಎಕರೆ’ಯನ್ನು ‘ಹೆಕ್ಟೇರ್’ ಅಂತ ಸುಮ್ನೆ ಒಂದೇ ಏಟಿಗೆ ಬದಲಿಸಬೇಡಿ. ಪದ ಬದಲಾಗುತ್ತದೆ, ಅಂಕಿ ಅಲ್ಲೇ ಉಳಿಯುತ್ತದೆ.

ಗುಂಟೆಯ ಕಾಲಂ ಮುಗಿಯಿತು ಅಂದುಕೊಂಡಾಗ ಕೊನೆಯ ಪುಟದಲ್ಲಿ 1.75 ಎಕರೆ ಸಿಕ್ಕಿತು. 75 ಗುಂಟೆ ಇರಲು ಸಾಧ್ಯವಿಲ್ಲ, ಅದು ದಶಾಂಶವೇ. ಅಂದರೆ ಲೇಖಕರು ಎರಡನ್ನೂ ಬೆರೆಸಿದ್ದರು. ಹಾಗಾದರೆ ಹಿಂದಿನ ಪುಟದ 3.25 ಮೂರೂಕಾಲು ಎಕರೆಯೋ, ಮೂರು ಎಕರೆ ಇಪ್ಪತ್ತೈದು ಗುಂಟೆಯೋ? ಯಾವ ಸೂತ್ರವೂ ಇದಕ್ಕೆ ಉತ್ತರ ಹೇಳುವುದಿಲ್ಲ. ಲೇಖಕರಿಗೆ ಫೋನ್ ಮಾಡಿ, ಪಹಣಿಗಳನ್ನು ಮತ್ತೆ ತೆಗೆಸಿ, ಒಂದೊಂದೇ ಸಾಲು ಓದಿಸಿಕೊಂಡೆ.