ಎಪ್ಪತ್ತು ದಿನಗಳ ನೀರಿನ ಬಿಲ್ಲು

ಕೇಳುಗರಿಗೆ ನಮಸ್ಕಾರ. ಬದಿಯಡ್ಕದ ಹತ್ತಿರ ನಮ್ಮೂರಲ್ಲಿ ಒಂದು ಚಿಕ್ಕ ಕುಡಿನೀರ ಯೋಜನೆ ಇದೆ. ಅದರ ಬಿಲ್ಲು ಲೆಕ್ಕ ಹಾಕುವ ಪ್ರೋಗ್ರಾಂ ಬರೆದವನು ನಾನು.

ಮೇ ತಿಂಗಳಲ್ಲಿ ಪಕ್ಕದ ಮನೆಯ ಅಕ್ಕ ಬಿಲ್ಲು ಹಿಡಿದುಕೊಂಡು ಬಂದರು. "ತಮ್ಮಾ, ನೀರು ಯಾವಾಗಿನಷ್ಟೇ ಬಳಸಿದ್ದು. 580 ರೂಪಾಯಿ ಹೇಗಾಯ್ತು?"

ನಮ್ಮಲ್ಲಿ ಸಾವಿರ ಲೀಟರಿಗೆ ಒಂದು ಯೂನಿಟ್. ತಿಂಗಳ ಮೊದಲ 10 ಯೂನಿಟ್‌ಗೆ ತಲಾ 8 ರೂಪಾಯಿ, ಮುಂದಿನ 10ಕ್ಕೆ 12, ಅದರಾಚೆಗೆ 20. ಸ್ಲ್ಯಾಬ್ ದಾಟಿದರೆ ಎಲ್ಲ ಯೂನಿಟ್‌ಗೂ ಜಾಸ್ತಿ ದರ ಬೀಳುತ್ತದೆ ಅಂತ ಹಲವರು ಹೆದರುತ್ತಾರೆ. ನಮ್ಮ ಲೆಕ್ಕದಲ್ಲಿ ಹಾಗಿಲ್ಲ, ದಾಟಿದ ಯೂನಿಟ್‌ಗೆ ಮಾತ್ರ ಮೇಲಿನ ದರ.

ಮೀಟರಿನ ಕಪ್ಪು ಅಂಕೆಗಳು ಯೂನಿಟ್, ಕೆಂಪು ಅಂಕೆಗಳು ಅದರ ಚೂರುಪಾರು. ಮಾರ್ಚ್ 1ರಂದು ಅಕ್ಕನ ಮೀಟರಿನಲ್ಲಿ 412 ಇತ್ತು. ಮೇ 10ರಂದು 461. ಕಳೆದರೆ 49. ನನ್ನ ಪ್ರೋಗ್ರಾಂ ಎರಡು ತಿಂಗಳು ಅಂತ ಲೆಕ್ಕ ಹಿಡಿದು 20, 20, 9 ಎಂದು ಹಂಚಿತು. 160, 240, 180 ಸೇರಿ 580.

ತಪ್ಪು ಅಲ್ಲೇ ಇತ್ತು. ಮೀಟರ್ ನೋಡುವ ಹುಡುಗನಿಗೆ ಜ್ವರ ಬಂದು ಅವನು ತಡವಾಗಿ ಬಂದಿದ್ದ. ಕಳೆದದ್ದು 60 ದಿನವಲ್ಲ, 70 ದಿನ. ಹತ್ತು ದಿನದ ನೀರು ಸೇರಿತು, ಆದರೆ ಆ ಹತ್ತು ದಿನಕ್ಕೆ ಸಿಗಬೇಕಾದ ಅಗ್ಗದ ಯೂನಿಟ್ ಸೇರಲಿಲ್ಲ. ಹಾಗಾಗಿ ಅಕ್ಕನ ನೀರು ಸುಮ್ನೆ 20 ರೂಪಾಯಿಯ ಸ್ಲ್ಯಾಬಿಗೆ ಹತ್ತಿತು.

ಸ್ಲ್ಯಾಬನ್ನೂ ದಿನದ ಲೆಕ್ಕದಲ್ಲಿ ಹಿಗ್ಗಿಸಬೇಕು. 30 ದಿನಕ್ಕೆ 10 ಆದರೆ 70 ದಿನಕ್ಕೆ ಇಪ್ಪತ್ತಮೂರು ಚಿಲ್ಲರೆ. ಆಗ ಮೊದಲ ಸ್ಲ್ಯಾಬಿಗೆ 186.67, ಎರಡನೆಯದಕ್ಕೆ 280, ಉಳಿದ ಎರಡು ಚಿಲ್ಲರೆ ಯೂನಿಟ್‌ಗೆ 46.67. ಈ ಮೂರನ್ನು ಕೂಡಿದರೆ 513.34. ಆದರೆ ನಿಜವಾದ ಮೊತ್ತ 513.33. ಒಂದೊಂದು ಸಾಲನ್ನೂ ಬೇರೆ ಬೇರೆ ದುಂಡು ಮಾಡಿದ್ದಕ್ಕೆ ಆ ಒಂದು ಪೈಸೆ ಹೆಚ್ಚಾಯಿತು. ದುಂಡು ಮಾಡುವುದು ಕೊನೆಗೆ, ಒಂದೇ ಸಲ. ನೂರಾರು ಬಿಲ್ಲು ಕೂಡಿದಾಗ ಖಾತೆಯ ಮೊತ್ತಕ್ಕೂ ಬಿಲ್ಲುಗಳ ಮೊತ್ತಕ್ಕೂ ತಾಳೆಯಾಗದಿದ್ದರೆ ಮೊದಲು ನೋಡಬೇಕಾದ ಜಾಗ ಇದು.

ಇಷ್ಟೆಲ್ಲ ಗೊತ್ತಾದದ್ದು ಹಳೆಯ ದಾಖಲೆ ಹಾಗೇ ಇದ್ದುದರಿಂದ. ಅಂಕೆ, ತಾರೀಕು, ಮೀಟರಿನ ಫೋಟೋ, ಯಾವುದನ್ನೂ ನಾವು ತಿದ್ದುವುದಿಲ್ಲ. ಹಳೆಯ ಬಿಲ್ಲನ್ನೂ ಅಳಿಸಲಿಲ್ಲ. ಅಕ್ಕನಿಗೆ ಸೇರಬೇಕಾದ 66.67 ರೂಪಾಯಿಯನ್ನು ಮುಂದಿನ ಬಿಲ್ಲಿನಲ್ಲಿ ಬೇರೆ ಸಾಲಾಗಿ ಕಳೆದೆವು.

ಈ ಉಪಾಯಕ್ಕೂ ಒಂದು ಮಿತಿ ಇದೆ. 70 ದಿನವೂ ಒಂದೇ ಸಮನೆ ನೀರು ಬಳಸಿದರು ಅಂತ ಅದು ನಂಬಿಕೊಳ್ಳುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ನೆಂಟರು ತುಂಬಿದ್ದರೋ ಇಲ್ವೋ ಮೀಟರ್ ಹೇಳುವುದಿಲ್ಲ. ಅದನ್ನು ತಿಳಿಯಬೇಕಾದರೆ ನಡುವೆ ಇನ್ನೊಂದು ಸಲ ಮೀಟರ್ ನೋಡಲೇಬೇಕು.

ಈಗ ನಮ್ಮ ಬಿಲ್ಲಿನಲ್ಲಿ ಎರಡು ತಾರೀಕುಗಳ ಪಕ್ಕದಲ್ಲೇ ದಿನಗಳ ಸಂಖ್ಯೆಯೂ ಅಚ್ಚಾಗುತ್ತದೆ. ಮೊನ್ನೆ ಅಕ್ಕ ಬಿಲ್ಲು ತೆಗೆದುಕೊಂಡವರೇ ಮೊದಲು ಅದನ್ನೇ ನೋಡಿದರು. "ಈ ಸಲ 61 ದಿನ, ಅಲ್ವಾ?" ಅಂದರು. ನಮಸ್ಕಾರ.