ಮಾತು ಮುಗಿದ ಮೇಲೆ ಎಲ್ಲಿಗೆ ಬರಬೇಕು?

ಕೇಳುಗರಿಗೆ ನಮಸ್ಕಾರ. ಮುಂಬಯಿ, ಪುಣೆ, ಗೋವಾಗಳಲ್ಲಿ ನೌಕರಿ ಬಿಟ್ಟು ಸ್ವಂತವಾಗಿ ಕನ್ಸಲ್ಟೆಂಟ್ ಕೆಲಸ ಮಾಡುತ್ತಿರುವ ಕನ್ನಡಿಗರು ಬಹಳ ಮಂದಿ ಇದ್ದಾರೆ. ಅವರಲ್ಲಿ ಕೆಲವರಿಗೆ ಪಾಡ್‌ಕಾಸ್ಟ್‌ನಿಂದಲೋ ಸಮ್ಮೇಳನದಿಂದಲೋ ಕರೆ ಬರುತ್ತದೆ. ಹೋಗುತ್ತಾರೆ, ಚೆನ್ನಾಗಿ ಮಾತಾಡುತ್ತಾರೆ, ಶಾಲು ಹೊದಿಸಿಕೊಂಡು ಮನೆಗೆ ಬರುತ್ತಾರೆ. ಆಮೇಲೆ ಫೋನೇ ಬರುವುದಿಲ್ಲ. ಬರುವುದಾದರೂ ಹೇಗೆ? ಮುಂದೆ ಏನು ಮಾಡಬೇಕು, ಎಲ್ಲಿಗೆ ಬರಬೇಕು ಅಂತ ಕೇಳುಗನಿಗೆ ಅವರು ಹೇಳಿರುವುದೇ ಇಲ್ಲ. ಈ ಹೊತ್ತು ನಾನು ಹೇಳುವುದು ಇಷ್ಟೇ: ಕೇಳಿದವನಿಗೆ ಮಾಡಿನೋಡಲು ಒಂದು ಕೆಲಸ ಕೊಡಿ, ಬರಲು ಒಂದು ವಿಳಾಸ ಕೊಡಿ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಧಾರವಾಡದ ಕಡೆಯ ಒಬ್ಬ ಇಂಜಿನಿಯರ್ ಪುಣೆ ಹತ್ತಿರದ ಪಿಂಪರಿಯಲ್ಲಿ ಇದ್ದಾರೆ ಎಂದಿಟ್ಟುಕೊಳ್ಳಿ. ಕಾರ್ಖಾನೆಗಳ ಕಂಪ್ರೆಸರ್ ಗಾಳಿ ಎಲ್ಲೆಲ್ಲಿ ಸೋರುತ್ತದೆ ಅಂತ ಹುಡುಕಿ ಕರೆಂಟ್ ಬಿಲ್ ಇಳಿಸುವುದು ಅವರ ಕಸುಬು. ಭೋಸರಿ, ಚಾಕಣ್ ಕಡೆಯ ಸಣ್ಣ ಕಾರ್ಖಾನೆಗಳ ಮಾಲೀಕರು ಅವರ ಗಿರಾಕಿಗಳು. ಈಗ ಇವರು ಯಾವ ಪಾಡ್‌ಕಾಸ್ಟ್‌ಗೆ ಹೋಗಬೇಕು? ಇಂಜಿನಿಯರಿಂಗ್ ಪಾಡ್‌ಕಾಸ್ಟ್‌ಗೆ ಅಲ್ಲ. ಅಲ್ಲಿ ಕೇಳುವವರೆಲ್ಲ ಇವರದೇ ಕಸುಬಿನವರು. ಮೆಚ್ಚುತ್ತಾರೆ, ಕೆಲಸ ಕೊಡುವುದಿಲ್ಲ. ಮಾಲೀಕರು ಕೇಳುವ ಪಾಡ್‌ಕಾಸ್ಟ್ ಬೇಕು. ಮರಾಠಿಯದೋ ಹಿಂದಿಯದೋ ಆಗಿರಲಿ, ಕೇಳುಗರು ಮುನ್ನೂರೇ ಮಂದಿ ಇರಲಿ. ಯಾರು ಕೇಳುತ್ತಾರೆ ಅಂತ ತಿಳಿಯುವುದು ಹೇಗೆ ಅಂದರೆ, ಹಿಂದಿನ ಐದಾರು ಸಂಚಿಕೆಗಳಲ್ಲಿ ಬರುವ ಜಾಹೀರಾತು ಗಮನಿಸಿ. ಯಂತ್ರದ ಬಿಡಿಭಾಗ, ವ್ಯಾಪಾರಸ್ಥರ ಸಾಲ ಇವುಗಳ ಜಾಹೀರಾತು ಇದ್ದರೆ ಮಾಲೀಕರು ಕೇಳುತ್ತಿದ್ದಾರೆ. ಬರೀ ಕೋರ್ಸ್‌ಗಳ ಜಾಹೀರಾತೇ ಇದ್ದರೆ ಕೆಲಸ ಹುಡುಕುವ ಹುಡುಗರು ಕೇಳುತ್ತಿದ್ದಾರೆ.

ಪಾಡ್‌ಕಾಸ್ಟ್ ನಡೆಸುವವರಿಗೆ ಬರೆಯುವ ಇಮೇಲ್ ನೂರೈವತ್ತು ಪದ ಮೀರಬಾರದು. ಅವರ ಯಾವ ಸಂಚಿಕೆ ಕೇಳಿದ್ದೀರಿ ಅಂತ ಒಂದು ಸಾಲು, ನೀವು ಯಾರಿಗೆ ಏನು ಮಾಡಿಕೊಡುತ್ತೀರಿ ಅಂತ ಒಂದು ಸಾಲು, ಆಮೇಲೆ ಮೂರು ವಿಷಯಗಳು. ವಿಷಯಗಳು ಮಾಲೀಕನ ಬಾಯಲ್ಲಿ ಬರುವ ಮಾತಿನಲ್ಲೇ ಇರಲಿ. 'ಸಂಕುಚಿತ ವಾಯುವಿನ ದಕ್ಷತೆ' ಅಂದರೆ ಯಾರೂ ತಿರುಗಿ ನೋಡುವುದಿಲ್ಲ. 'ಭಾನುವಾರ ಕಾರ್ಖಾನೆಗೆ ಬೀಗ ಹಾಕಿದರೂ ಬಿಲ್ ಯಾಕೆ ಏರುತ್ತದೆ?' ಅಂದರೆ ನೋಡುತ್ತಾರೆ. ಜೊತೆಗೆ ನಿಮ್ಮ ದನಿ ಕೇಳಿಸುವ ಎರಡು ನಿಮಿಷದ ರೆಕಾರ್ಡಿಂಗ್ ಕಳಿಸಿ. ಉತ್ತರ ಬಾರದಿದ್ದರೆ ವಾರ ಹತ್ತು ದಿನ ಬಿಟ್ಟು ಒಮ್ಮೆ ನೆನಪಿಸಿ, ಅಲ್ಲಿಗೆ ಬಿಡಿ.

ಕರೆ ಬಂತು ಅನ್ನಿ. ಕೆಟ್ಟುಹೋಗುವುದು ಇಲ್ಲಿಯೇ. ನಡೆಸುವವರು ಮೊದಲು ಕೇಳುವುದು 'ನಿಮ್ಮ ಜೀವನಪಯಣ ಹೇಳಿ' ಅಂತ. ಅತಿಥಿ ಹೈಸ್ಕೂಲಿನಿಂದ ಶುರುಮಾಡಿ ಇಪ್ಪತ್ತು ನಿಮಿಷ ತೆಗೆದುಕೊಳ್ಳುತ್ತಾರೆ. ಸ್ವಾಮೀ, ಮಾಲೀಕನಿಗೆ ನಿಮ್ಮ ಹೈಸ್ಕೂಲು ಯಾಕೆ ಬೇಕು? ಎರಡು ದಿನ ಮೊದಲೇ ಐದು ಪ್ರಶ್ನೆಗಳನ್ನು ಒಂದು ಹಾಳೆಯಲ್ಲಿ ಬರೆದು ಕಳಿಸಿಬಿಡಿ. ನಡೆಸುವವರಿಗೂ ತಯಾರಿಯ ಹೊರೆ ತಪ್ಪುತ್ತದೆ. ಹೆಚ್ಚಿನವರು ಅದನ್ನೇ ಹಿಡಿದು ಕೇಳುತ್ತಾರೆ.

ಆ ಐದರಲ್ಲಿ ಎರಡನೆಯದು 'ಗಾಳಿ ಎಷ್ಟು ಸೋರುತ್ತಿದೆ ಅಂತ ತಿಳಿಯುವುದು ಹೇಗೆ?' ಅನ್ನುವ ಪ್ರಶ್ನೆ ಅನ್ನಿ. ಅದಕ್ಕೆ ನಮ್ಮ ಇಂಜಿನಿಯರ್ ಹೀಗೆ ಹೇಳುತ್ತಾರೆ. 'ಭಾನುವಾರ ಗಾಳಿ ಬಳಸುವ ಯಂತ್ರಗಳನ್ನೆಲ್ಲ ನಿಲ್ಲಿಸಿ ಕಂಪ್ರೆಸರ್ ಒಂದನ್ನೇ ಓಡಿಸಿ. ಒತ್ತಡ ತುಂಬಿದ ಮೇಲೆ ಅದು ಲೋಡ್ ಬಿಡುತ್ತದೆ, ಅಂದರೆ ಗಾಳಿ ತುಂಬುವುದನ್ನು ನಿಲ್ಲಿಸುತ್ತದೆ. ಯಾರೂ ಗಾಳಿ ಬಳಸುತ್ತಿಲ್ಲ, ಆದರೂ ಸ್ವಲ್ಪ ಹೊತ್ತಿಗೆ ಮತ್ತೆ ಲೋಡ್ ಆಗುತ್ತದೆ. ಸೋರಿದ ಗಾಳಿಯನ್ನು ತುಂಬುತ್ತಿದೆ ಅಂತ ಅರ್ಥ. ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ಎಷ್ಟು ಹೊತ್ತು ಲೋಡ್, ಎಷ್ಟು ಹೊತ್ತು ಅನ್‌ಲೋಡ್ ಅಂತ ಹತ್ತು ಸುತ್ತು ಬರೆದುಕೊಂಡು ಸರಾಸರಿ ತೆಗೆಯಿರಿ. 90 ಸೆಕೆಂಡ್ ಲೋಡ್, 210 ಸೆಕೆಂಡ್ ಅನ್‌ಲೋಡ್ ಬಂತು ಅನ್ನಿ. ಒಟ್ಟು 300ರಲ್ಲಿ 90, ಅಂದರೆ ನಿಮ್ಮ ಕಂಪ್ರೆಸರ್ ಕೊಡಬಲ್ಲ ಗಾಳಿಯಲ್ಲಿ ನೂರಕ್ಕೆ 30 ಪಾಲು ಸೋರುತ್ತಿದೆ. 37 ಕಿಲೋವ್ಯಾಟ್ ಕಂಪ್ರೆಸರ್ ಆದರೆ ಗಂಟೆಗೆ ಸುಮಾರು 11 ಯೂನಿಟ್. ಯೂನಿಟ್‌ಗೆ 9 ರೂಪಾಯಿ ಹಿಡಿದರೆ ಗಂಟೆಗೆ ನೂರು ರೂಪಾಯಿ. ದಿನಕ್ಕೆ ಎರಡು ಪಾಳಿ, ವರ್ಷಕ್ಕೆ 300 ದಿನ ಅಂದರೆ ನಾಲ್ಕೂ ಮುಕ್ಕಾಲು ಲಕ್ಷ.' ಲೋಡ್-ಅನ್‌ಲೋಡ್ ಮಾದರಿಯ ಕಂಪ್ರೆಸರ್‌ಗೆ ಮಾತ್ರ ಈ ಲೆಕ್ಕ, ಬೇಕಾದಷ್ಟಕ್ಕೆ ತಕ್ಕಂತೆ ಮೋಟರಿನ ವೇಗ ಬದಲಿಸುವ ವಿಎಫ್‌ಡಿ ಇರುವುದಕ್ಕೆ ಅಲ್ಲ ಅಂತಲೂ ಅವರು ಅಲ್ಲೇ ಹೇಳಿಬಿಡುತ್ತಾರೆ.

ಇಷ್ಟನ್ನೆಲ್ಲ ಪುಕ್ಕಟೆ ಹೇಳಿಬಿಟ್ಟರೆ ನನ್ನನ್ನು ಯಾರು ಕರೆಯುತ್ತಾರೆ ಅಂತ ಕೆಲವರಿಗೆ ಭಯ. ಭಯಪಡಬೇಡಿ. ಈ ಪರೀಕ್ಷೆ ಎಷ್ಟು ಸೋರುತ್ತಿದೆ ಅಂತ ಹೇಳುತ್ತದೆ, ಎಲ್ಲಿ ಅಂತ ಹೇಳುವುದಿಲ್ಲ. ಮಾಡಿನ ಅಡಿಯ ಪೈಪು, ಹಳೆಯ ಹೋಸು, ಸದಾ ತೆರೆದೇ ಇರುವ ಡ್ರೇನ್ ವಾಲ್ವು, ಇವನ್ನು ಅಲ್ಟ್ರಾಸಾನಿಕ್ ಉಪಕರಣ ಹಿಡಿದು ಒಂದೊಂದಾಗಿ ಹುಡುಕಲು ತಿಳಿದವರೇ ಬೇಕು. ನಾಲ್ಕೂ ಮುಕ್ಕಾಲು ಲಕ್ಷದ ಲೆಕ್ಕವನ್ನು ಸ್ವಂತ ಕೈಯಿಂದ ಬರೆದ ಮಾಲೀಕ ಸೋಮವಾರ ಯಾರಿಗೆ ಫೋನ್ ಮಾಡುತ್ತಾನೆ?

ಅದಕ್ಕೇ ವಿಳಾಸ. ಲೋಡ್, ಅನ್‌ಲೋಡ್ ಸಮಯಗಳನ್ನೂ ಕಂಪ್ರೆಸರ್‌ನ ಕಿಲೋವ್ಯಾಟ್ ಅನ್ನೂ ತುಂಬಿದರೆ ರೂಪಾಯಿ ಲೆಕ್ಕ ಬರುವಂಥ ಒಂದು ಪುಟ ನಿಮ್ಮ ವೆಬ್‌ಸೈಟಿನಲ್ಲಿರಲಿ. ಕೇಳುವವನು ಕಾರು ಓಡಿಸುತ್ತಿರುತ್ತಾನೆ, ಬರೆದುಕೊಳ್ಳಲು ಆಗುವುದಿಲ್ಲ. ಆದ್ದರಿಂದ ಬಾಯಲ್ಲಿ ಹೇಳಿದರೆ ನೆನಪಿರುವಷ್ಟು ಚಿಕ್ಕ ವಿಳಾಸ ಬೇಕು: ಸೈಟಿನ ಹೆಸರು, ಸ್ಲ್ಯಾಶ್, ಒಂದು ಪದ. ಡ್ಯಾಶ್, ಅಂಡರ್‌ಸ್ಕೋರ್ ಬೇಡವೇ ಬೇಡ. ಒಂದೊಂದು ಪಾಡ್‌ಕಾಸ್ಟ್‌ಗೆ ಒಂದೊಂದು ಪದ ಇಟ್ಟರೆ ಯಾರು ಎಲ್ಲಿಂದ ಬಂದರು ಅಂತ ಗೊತ್ತಾಗುತ್ತದೆ. ಆದರೂ ಕೆಲವರು ವಿಳಾಸ ಮರೆತು ನಿಮ್ಮ ಹೆಸರನ್ನೇ ಹುಡುಕಿ ಬರುತ್ತಾರೆ. ಅವರಿಗಾಗಿ 'ಎಲ್ಲಿ ಕೇಳಿದಿರಿ?' ಅಂತ ಒಂದು ಪ್ರಶ್ನೆ ಇರಲಿ. ಲೆಕ್ಕದ ಜೊತೆ ಹೆಸರು, ಫೋನು, ಊರು, ಈ ಪ್ರಶ್ನೆ, ಅಷ್ಟೇ. ಜಿಎಸ್‌ಟಿ ನಂಬರ್ ಕೇಳಿದರೆ ಅಲ್ಲಿಂದಲೇ ವಾಪಸ್ ಹೋಗುತ್ತಾರೆ. ಇನ್ಸ್ಟಾಗ್ರಾಮ್, ಯೂಟ್ಯೂಬ್, ವಾಟ್ಸ್ಆ್ಯಪ್ ಅಂತ ಐದು ಕಡೆ ಕರೆಯಬೇಡಿ, ಒಂದೇ ವಿಳಾಸ. ರೆಕಾರ್ಡ್ ಆದ ಸಂಚಿಕೆ ಹೊರಬರಲು ತಿಂಗಳು, ಒಂದೂವರೆ ತಿಂಗಳು ಹಿಡಿಯಬಹುದು. ಅಷ್ಟರಲ್ಲಿ ಪುಟದ ಹೆಸರು ಬದಲಿಸಿ ಕೂತರೆ ಎಲ್ಲ ವ್ಯರ್ಥ.

ಸಮಯ ಕಡಿಮೆ ಉಳಿದಿದೆ, ಸಮ್ಮೇಳನದ ವಿಷಯ ಚುಟುಕಾಗಿ. ದುಡ್ಡು ಕೊಟ್ಟರೆ ವೇದಿಕೆ ಕೊಡುತ್ತೇವೆ ಅನ್ನುವ ಕಡೆ ಹೋಗಬೇಡಿ. ಅಲ್ಲಿ ಕೂತವರಲ್ಲಿ ಹೆಚ್ಚಿನವರು ನಿಮ್ಮ ಹಾಗೆ ಮಾರಲು ಬಂದವರು. ಪುಣೆಯ ಮರಾಠಾ ಚೇಂಬರ್‌ನಂಥ ಉದ್ಯಮಿಗಳ ಸಂಘಗಳಲ್ಲಿ ಅರವತ್ತು ಮಂದಿ ಮಾಲೀಕರು ಕೂರುವ ಸಣ್ಣ ಸಭೆ ಸಿಕ್ಕಿದರೆ ಅದೇ ಒಳ್ಳೆಯದು. ನಾಲ್ಕು ಜನರ ಪ್ಯಾನೆಲ್ ನಲವತ್ತು ನಿಮಿಷ ನಡೆದರೆ ನಿಮ್ಮ ಪಾಲಿಗೆ ಏಳೆಂಟು ನಿಮಿಷ. ಲೆಕ್ಕ ಬಿಡಿಸಿ ಹೇಳಲು ಅದು ಸಾಲದು. ಒಬ್ಬರೇ ಮಾತಾಡುವ ಇಪ್ಪತ್ತು ನಿಮಿಷ ಕೇಳಿ ಪಡೆಯಿರಿ. ವಿಳಾಸದ ಕ್ಯೂಆರ್ ಕೋಡನ್ನು 'ಧನ್ಯವಾದಗಳು' ಅನ್ನುವ ಕೊನೆಯ ಸ್ಲೈಡ್‌ಗೆ ಹಾಕಬೇಡಿ. ಅದು ತೆರೆಯ ಮೇಲೆ ಹತ್ತು ಸೆಕೆಂಡ್ ಇದ್ದರೆ ಹೆಚ್ಚು. ಲೆಕ್ಕ ತೋರಿಸುವ ಸ್ಲೈಡ್‌ನಲ್ಲೇ ಹಾಕಿ, ಪ್ರಶ್ನೋತ್ತರ ಮುಗಿಯುವವರೆಗೂ ಅದೇ ಸ್ಲೈಡ್ ನಿಲ್ಲಲಿ. ಕೊನೆಯ ಸಾಲು ಎಷ್ಟು ದೂರವೋ ಅದರ ಹತ್ತರಲ್ಲೊಂದು ಪಾಲು ಕೋಡಿನ ಅಗಲ ಇರಬೇಕು. 12 ಮೀಟರ್ ದೂರಕ್ಕೆ 1.2 ಮೀಟರ್. ಅದಕ್ಕಿಂತ ಚಿಕ್ಕದಾದರೆ ಹಿಂದಿನ ಸಾಲಿನವರು ಫೋನ್ ಎತ್ತಿ ಹಿಡಿದು, ಕೋಡು ಸಿಗದೆ, ಇಳಿಸುತ್ತಾರೆ.

ಪುಟ ತುಂಬಿದವರಿಗೆ ಎರಡು ದಿನದೊಳಗೆ ನೀವೇ ಫೋನ್ ಮಾಡಿ. ವರ್ಷದ ಕರಾರಿನ ಮಾತು ಎತ್ತಬೇಡಿ. ಒಂದು ದಿನ ಕಾರ್ಖಾನೆ ಸುತ್ತಿ ಸೋರುವ ಜಾಗಗಳಿಗೆ ಚೀಟಿ ಕಟ್ಟಿ ಕೊಡುತ್ತೇನೆ, ಇಷ್ಟು ಫೀಸು ಅನ್ನಿ. ನಮಸ್ಕಾರ.